ಗೋದಾಮಿನಲ್ಲಿ ಯಾವ ಸರಕು ಎಲ್ಲಿರಬೇಕು? ನಂದಿಕೂರಿನಲ್ಲಿ ಒಂದು ಲೆಕ್ಕ

ಪಡುಬಿದ್ರಿ ಜಂಕ್ಷನ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ 66 ಬಿಟ್ಟು ಕಾರ್ಕಳ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿಗೆ ನಂದಿಕೂರು. ಊರಿನ ಹೆಸರು ಕೇಳಿದರೆ ಹೆಚ್ಚಿನವರಿಗೆ ನೆನಪಾಗುವುದು ಪಕ್ಕದ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರ, ಅದರ ಚಿಮಣಿ, ಅದರ ಸುತ್ತ ನಡೆದ ಹೋರಾಟ. ಆದರೆ ಇಲ್ಲಿ ಕೈಗಾರಿಕಾ ಪ್ರದೇಶವಿದೆ, ಕೊಂಕಣ ರೈಲು ಹಾದುಹೋಗುತ್ತದೆ, ಹೆದ್ದಾರಿ ಹತ್ತಿರದಲ್ಲೇ ಇದೆ. ಮಂಗಳೂರು ಮತ್ತು ಉಡುಪಿಯ ಅಂಗಡಿಗಳಿಗೆ ಸರಕು ಕಳಿಸುವ ಗೋದಾಮು ಕಟ್ಟಲು ಇಂಥ ಜಾಗವನ್ನೇ ಹುಡುಕುತ್ತಾರೆ.

ಗೋದಾಮು ಬಂದರೆ ಎಷ್ಟು ಜನರಿಗೆ ಕೆಲಸ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಒಳಗೆ ಆ ಕೆಲಸ ಹೇಗಿರುತ್ತದೆ ಅಂತ ಕೇಳುವವರು ಕಡಿಮೆ. ಬೆಂಗಳೂರಿನ ಹೊರವಲಯದ ಗೋದಾಮೊಂದರಲ್ಲಿ ಪಿಕರ್ ಆಗಿದ್ದ ನಮ್ಮ ಕಡೆಯ ಹುಡುಗನೊಬ್ಬ ಒಮ್ಮೆ ಹೇಳಿದ್ದ: "ನಡೆದದ್ದಕ್ಕೆ ಬೇಜಾರಿಲ್ಲ ಅಣ್ಣ. ಓಣಿಯಲ್ಲಿ ಎದುರಿನವನ ಟ್ರಾಲಿ ಸರಿಯುವವರೆಗೆ ಕಾಯುವುದು, ಅದೂ ಟಾರ್ಗೆಟ್‌ನಲ್ಲೇ ಹೋಗ್ತದೆ ಮಾರಾಯ್ರೆ."

ಕಾಲೇಜಿನಲ್ಲಿ ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಪೇಪರ್ ಬರೆಯುವಾಗ ನನಗೆ ಈ ಎರಡನೇ ಮಾತು ಹೊಳೆದಿರಲಿಲ್ಲ. ನಡಿಗೆ ಕಡಿಮೆ ಮಾಡಿದರೆ ಮುಗಿಯಿತು, ಉತ್ತರಕ್ಕೆ ಮಾರ್ಕ್ಸು ಬಂತು ಅಂದುಕೊಂಡಿದ್ದೆ. ನಡಿಗೆ ಕಡಿಮೆ ಮಾಡುವ ಅತಿ ಸುಲಭದ ದಾರಿಯೇ ಓಣಿಯಲ್ಲಿ ಜನರನ್ನು ಒಟ್ಟುಗೂಡಿಸಿ ನಿಲ್ಲಿಸುತ್ತದೆ. ಈ ಲೇಖನ ಅದರ ಬಗ್ಗೆ.

ಸ್ಲಾಟಿಂಗ್ ಅಂದರೇನು?

ಪಿಕರ್ ಎಂದರೆ ಆರ್ಡರ್ ಪಟ್ಟಿ ಹಿಡಿದು, ಟ್ರಾಲಿ ತಳ್ಳಿಕೊಂಡು, ರ್ಯಾಕಿನಿಂದ ಒಂದೊಂದೇ ಸರಕು ತೆಗೆದು ಪ್ಯಾಕಿಂಗ್ ಟೇಬಲ್ಲಿಗೆ ತರುವ ಕೆಲಸಗಾರ. ಯಂತ್ರಗಳಿಲ್ಲದ ಗೋದಾಮಿನಲ್ಲಿ ಪಿಕರ್‌ನ ಸಮಯದ ಸುಮಾರು ಅರ್ಧ ನಡಿಗೆಗೇ ಹೋಗುತ್ತದೆ ಎಂಬುದು ಈ ಕ್ಷೇತ್ರದ ಪಠ್ಯಪುಸ್ತಕಗಳಲ್ಲಿ ಕಾಣುವ ಸಾಮಾನ್ಯ ಅಂದಾಜು. ಉಳಿದದ್ದು ಹುಡುಕುವುದಕ್ಕೆ, ತೆಗೆಯುವುದಕ್ಕೆ, ಸ್ಕ್ಯಾನ್ ಮಾಡುವುದಕ್ಕೆ.

ಯಾವ ಸರಕಿಗೆ ಯಾವ ಜಾಗ ಎಂದು ತೀರ್ಮಾನಿಸುವುದೇ ಸ್ಲಾಟಿಂಗ್. ನಮ್ಮೂರ ದಿನಸಿ ಅಂಗಡಿಯವರು ಇದನ್ನು ಯಾವ ಪುಸ್ತಕವನ್ನೂ ಓದದೆ ಮಾಡುತ್ತಾರೆ. ಬೆಂಕಿಪೊಟ್ಟಣ, ಬೀಡಿ ಕೈಗೆಟಕುವಲ್ಲಿ, ವರ್ಷಕ್ಕೊಮ್ಮೆ ಕೇಳುವ ಸಾಮಾನು ಅಟ್ಟದ ಮೇಲೆ. ಆದರೆ ಅಂಗಡಿಯಲ್ಲಿ ತೆಗೆದುಕೊಡುವವರು ಒಬ್ಬರು, ಹೆಚ್ಚೆಂದರೆ ಇಬ್ಬರು. ಗೋದಾಮಿನಲ್ಲಿ ಹತ್ತು ಜನ ಒಟ್ಟಿಗೆ ತೆಗೆಯುತ್ತಾರೆ. ವ್ಯತ್ಯಾಸ ಶುರುವಾಗುವುದು ಅಲ್ಲಿ.

ಒಂದು ಗೋದಾಮು ಕಟ್ಟೋಣ

ನಂದಿಕೂರಿನಲ್ಲಿ ಲೆಕ್ಕಕ್ಕಾಗಿ ಒಂದು ಗೋದಾಮು ಕಲ್ಪಿಸಿಕೊಳ್ಳಿ. ಇದು ಯಾರದ್ದೂ ಅಲ್ಲ, ಅಂಕಿಗಳು ಗುಣಿಸಲು ಸುಲಭವಾಗಲಿ ಅಂತ ನಾನೇ ಇಟ್ಟದ್ದು. ಒಟ್ಟು 10 ಓಣಿ. ಪ್ರತಿಯೊಂದೂ 20 ಮೀಟರ್ ಉದ್ದ, ಒಂದರ ನಡುವಿನಿಂದ ಮುಂದಿನದರ ನಡುವಿಗೆ 4 ಮೀಟರ್ ದೂರ. ಒಂದೊಂದು ಓಣಿಯಲ್ಲಿ 100 ಬಗೆಯ ಸರಕು, ಒಟ್ಟು 1000. ಎಲ್ಲಾ ಓಣಿಗಳ ಮುಂದೆ ಅಡ್ಡಹಾದಿ, ಅದರ ಸರಿಮಧ್ಯದಲ್ಲಿ, ಅಂದರೆ 5 ಮತ್ತು 6ನೇ ಓಣಿಯ ನಡುವೆ ಪ್ಯಾಕಿಂಗ್ ಟೇಬಲ್.

ಸರಕನ್ನು ಖಾಲಿ ಕಂಡಲ್ಲಿ ಇಡುತ್ತಾ ಹೋದರೆ ಏನಾಗುತ್ತದೆ? ಟೇಬಲ್ಲಿನಿಂದ ಓಣಿಯ ಬಾಯಿಗೆ ಇರುವ ದೂರ 2, 6, 10, 14 ಅಥವಾ 18 ಮೀಟರ್, ಸರಾಸರಿ 10. ಓಣಿಯೊಳಗೆ ಸರಾಸರಿ ಇನ್ನೊಂದು 10. ಹೋಗಿ ಬರಲು ಒಂದು ಸರಕಿಗೆ 40 ಮೀಟರ್.

ಈಗ ಆರ್ಡರ್‌ಗಳನ್ನು ನೋಡೋಣ. ಯಾವ ವಿತರಕರನ್ನು ಕೇಳಿದರೂ ಕೆಲವೇ ಸರಕು ಹೆಚ್ಚು ಓಡುತ್ತದೆ ಅನ್ನುತ್ತಾರೆ. ನಮ್ಮ ಗೋದಾಮಿನಲ್ಲಿ 200 ಸರಕುಗಳು 70 ಶೇಕಡಾ ಭೇಟಿ ಪಡೆಯುತ್ತವೆ ಅಂತಿಟ್ಟುಕೊಳ್ಳಿ. ಇವು ‘ಎ’ ವರ್ಗ. ಇನ್ನೊಂದು 200 ಸರಕುಗಳಿಗೆ 20 ಶೇಕಡಾ, ಅವು ‘ಬಿ’. ಉಳಿದ 600ಕ್ಕೆ ಬರೀ 10 ಶೇಕಡಾ, ಅವು ‘ಸಿ’.

ಇಲ್ಲಿ ಒಂದು ಎಚ್ಚರಿಕೆ ಬೇಕು. ಎಣಿಸಬೇಕಾದದ್ದು ಮಾರಾಟದ ರೂಪಾಯಿಯನ್ನಲ್ಲ, ತುಂಡುಗಳ ಸಂಖ್ಯೆಯನ್ನೂ ಅಲ್ಲ. ಪಿಕರ್ ಎಷ್ಟು ಸಲ ಆ ರ್ಯಾಕಿನ ಮುಂದೆ ಬಂದು ನಿಂತ ಎಂಬುದನ್ನು. ಒಬ್ಬ ಹೋಟೆಲಿನವರು ಒಮ್ಮೆಗೇ 500 ಪೊಟ್ಟಣ ಬೆಂಕಿಪೆಟ್ಟಿಗೆ ತರಿಸಿದರೂ ಅದು ಒಂದೇ ಭೇಟಿ. ಹತ್ತು ಅಂಗಡಿಯವರು ಒಂದೊಂದು ಡಬ್ಬಿ ಇಂಗು ಕೇಳಿದರೆ ಹತ್ತು ಭೇಟಿ. ಮಾರಾಟ ವಿಭಾಗದ ‘ಟಾಪ್’ ಪಟ್ಟಿಯನ್ನೇ ತಂದು ಸ್ಲಾಟಿಂಗ್ ಮಾಡುವ ಗೋದಾಮುಗಳು ಎಡವುವುದು ಇಲ್ಲೇ.

ಎರಡು ಯೋಜನೆ, ಒಂದೇ ಉತ್ತರ

ಮೊದಲ ಯೋಜನೆ ಎಲ್ಲರಿಗೂ ಹೊಳೆಯುವಂಥದ್ದು. ಟೇಬಲ್ಲಿಗೆ ಹತ್ತಿರದ ಎರಡು ಓಣಿಗಳನ್ನು, ಅಂದರೆ 5 ಮತ್ತು 6ನ್ನು, ‘ಎ’ ಸರಕಿಗೆ ಕೊಡುವುದು. 4 ಮತ್ತು 7 ‘ಬಿ’ಗೆ. ಉಳಿದ ಆರು ಓಣಿ ‘ಸಿ’ಗೆ. ಇದನ್ನು ‘ನಡುಓಣಿ’ ಯೋಜನೆ ಅನ್ನೋಣ. ‘ಎ’ ಸರಕಿಗೆ ಹೋಗಿ ಬರಲು 24 ಮೀಟರ್, ‘ಬಿ’ಗೆ 32, ‘ಸಿ’ಗೆ 48. ಭೇಟಿಯ ಪಾಲಿಗೆ ತಕ್ಕಂತೆ ಕೂಡಿಸಿದರೆ:

0.7 × 24 + 0.2 × 32 + 0.1 × 48 = 28 ಮೀಟರ್.

40 ಇದ್ದದ್ದು 28ಕ್ಕೆ ಇಳಿಯಿತು. ಮೂವತ್ತು ಶೇಕಡಾ ನಡಿಗೆ ಉಳಿಯಿತು, ಒಂದು ರೂಪಾಯಿಯ ಯಂತ್ರ ತರದೆ.

ಎರಡನೇ ಯೋಜನೆಯನ್ನು ‘ಓಣಿಬಾಯಿ’ ಅನ್ನೋಣ. ಇಲ್ಲಿ ‘ಎ’ ಸರಕನ್ನು ಹತ್ತೂ ಓಣಿಗಳಿಗೆ ಹಂಚಿ, ಪ್ರತಿ ಓಣಿಯ ಮೊದಲ 4 ಮೀಟರಿನಲ್ಲಿ ಇಡುತ್ತೇವೆ. ಅದರ ಹಿಂದಿನ 4 ಮೀಟರಿನಲ್ಲಿ ‘ಬಿ’, ಕೊನೆಯ 12 ಮೀಟರಿನಲ್ಲಿ ‘ಸಿ’. ‘ಎ’ ಸರಕಿಗೆ ಅಡ್ಡಹಾದಿಯಲ್ಲಿ ಸರಾಸರಿ 10, ಒಳಗೆ 2, ಹೋಗಿ ಬರಲು 24 ಮೀಟರ್. ‘ಬಿ’ಗೆ 32, ‘ಸಿ’ಗೆ 48. ಒಟ್ಟು ಸರಾಸರಿ ಮತ್ತೆ 28!

ಒಂದೊಂದೇ ಸರಕು ತರುವಾಗ ಎರಡರಲ್ಲೂ ನಡಿಗೆ ಒಂದೇ. ಆದರೆ ಜನ ಎಲ್ಲಿ ನಿಂತಿರುತ್ತಾರೆ ನೋಡಿ. ಹತ್ತು ಪಿಕರ್‌ಗಳು ಸರಕು ತೆಗೆಯುತ್ತಿರುವ ಒಂದು ಕ್ಷಣದ ಫೋಟೋ ಹೊಡೆದರೆ, ನಡುಓಣಿ ಯೋಜನೆಯಲ್ಲಿ ಸರಾಸರಿ ಏಳು ಜನ ಎರಡೇ ಓಣಿಗಳಲ್ಲಿ ಇರುತ್ತಾರೆ. ಉಳಿದ ಎಂಟು ಓಣಿಗಳಲ್ಲಿ ಮೂರು ಜನ. ರ್ಯಾಕಿನ ಆಳ ಕಳೆದು ನಡೆಯಲು ಒಂದೂವರೆ ಮೀಟರ್ ಸಿಕ್ಕಿದರೆ, ಒಬ್ಬ ಟ್ರಾಲಿ ನಿಲ್ಲಿಸಿ ಬಗ್ಗಿದ ಕೂಡಲೇ ಹಿಂದಿನವನ ದಾರಿ ಮುಚ್ಚುತ್ತದೆ. ಓಣಿಬಾಯಿ ಯೋಜನೆಯಲ್ಲಿ ಸರಾಸರಿ ಓಣಿಗೊಬ್ಬ.

ಹತ್ತು ಸರಕಿನ ಪಟ್ಟಿ ಬಂದಾಗ

ನಿಜದ ಗೋದಾಮಿನಲ್ಲಿ ಯಾರೂ ಒಂದೇ ಸರಕಿಗೆ ಹೋಗಿ ಬರುವುದಿಲ್ಲ. ಅಂಗಡಿಯ ಆರ್ಡರ್ ಅಂದರೆ ಹತ್ತಾರು ಸಾಲಿನ ಪಟ್ಟಿ. ಒಂದು ಸುತ್ತಿಗೆ 10 ಸರಕು ಅಂತಿಟ್ಟು ಮತ್ತೆ ಲೆಕ್ಕ ಹಾಕಿದೆ.

ಸರಕು ಎಲ್ಲೆಂದರಲ್ಲಿ ಇದ್ದರೆ ಪಿಕರ್ ಸರಾಸರಿ ಆರೂವರೆ ಓಣಿ ಹೊಕ್ಕಬೇಕು. ಒಂದು ಓಣಿಯಲ್ಲಿ ಈ ತುದಿಯಿಂದ ಒಳಗೆ ಹೋಗಿ ಆ ತುದಿಯಲ್ಲಿ ಹೊರಬಂದು, ಮುಂದಿನ ಓಣಿಯಲ್ಲಿ ವಾಪಸು ಬರುವ ಹಾವಿನ ನಡಿಗೆಯಲ್ಲಿ ಹೋದರೆ, ಅಡ್ಡಹಾದಿಯೂ ಸೇರಿ ಸುತ್ತಿಗೆ ಸುಮಾರು 200 ಮೀಟರ್. ಇದಕ್ಕೆ ಓಣಿಗಳ ಹಿಂದೆಯೂ ಒಂದು ಅಡ್ಡಹಾದಿ ಬೇಕು.

ನಡುಓಣಿ ಯೋಜನೆಯಲ್ಲಿ ಹೊಕ್ಕಬೇಕಾದ ಓಣಿಗಳು ಸರಾಸರಿ ನಾಲ್ಕಕ್ಕೆ ಇಳಿಯುತ್ತವೆ. ಸುತ್ತು ಸುಮಾರು 120 ಮೀಟರ್.

ಓಣಿಬಾಯಿ ಯೋಜನೆಯಲ್ಲಿ ಮತ್ತೆ ಆರೂವರೆ ಓಣಿ ಹೊಕ್ಕಬೇಕು. ಆದರೆ ಹೆಚ್ಚಿನ ಸಲ ಬಾಯಲ್ಲೇ ಕೆಲಸ ಮುಗಿಯುವುದರಿಂದ ಹಾವಿನ ನಡಿಗೆ ಬಿಟ್ಟು, ಹೊಕ್ಕ ಬಾಯಲ್ಲೇ ಹಿಂದೆ ಬರಬೇಕು. ಆಗ ಸುಮಾರು 130 ಮೀಟರ್.

ಅಂದರೆ ನಡುಓಣಿ ಸುಮಾರು 10 ಮೀಟರಿನಷ್ಟು ಮುಂದಿದೆ. ಟ್ರಾಲಿ ತಳ್ಳಿಕೊಂಡು ಸೆಕೆಂಡಿಗೆ ಒಂದು ಮೀಟರ್ ನಡೆದರೆ ಅದು 10 ಸೆಕೆಂಡಿನ ಲಾಭ. ಒಂದು ಸುತ್ತಿನಲ್ಲಿ ಎದುರಿನವನ ಟ್ರಾಲಿಗಾಗಿ ಇನ್ನೊಂದು ಯೋಜನೆಗಿಂತ 10 ಸೆಕೆಂಡು ಜಾಸ್ತಿ ಕಾದರೆ ಲಾಭವೆಲ್ಲ ಹೋಯಿತು. ಏಳು ಜನ ಎರಡು ಓಣಿಯಲ್ಲಿರುವಾಗ 10 ಸೆಕೆಂಡು ಕಾಯುವುದು ದೊಡ್ಡ ಮಾತೇನಲ್ಲ.

ಹಾಗಾದರೆ ಯಾವಾಗಲೂ ಓಣಿಬಾಯಿಯೇ ಸರಿಯಾ? ಅಲ್ಲ. ರಾತ್ರಿ ಪಾಳಿಯಲ್ಲಿ ಇಬ್ಬರೇ ಪಿಕರ್‌ಗಳಿದ್ದರೆ ಒಬ್ಬರಿಗೊಬ್ಬರು ಅಡ್ಡ ಬರುವುದು ಅಪರೂಪ, ಆಗ ನಡುಓಣಿಯೇ ವಾಸಿ. ಓಣಿಯೊಳಗೆ ಟ್ರಾಲಿ ತಿರುಗಿಸಲು ಜಾಗವಿಲ್ಲದಿದ್ದರೆ ಓಣಿಬಾಯಿ ಕೆಲಸವೇ ಮಾಡುವುದಿಲ್ಲ. ಅಲ್ಲದೆ, ಎಲ್ಲರೂ ಮುಂದಿನ ಅಡ್ಡಹಾದಿಯಲ್ಲೇ ಓಡಾಡುವುದರಿಂದ ಅದನ್ನು ಅಗಲವಾಗಿ ಬಿಡಬೇಕು. ಅಲ್ಲಿ ಖಾಲಿ ಪೆಟ್ಟಿಗೆ ಪೇರಿಸಿಟ್ಟರೆ ಜಂಗುಳಿ ಓಣಿಯಿಂದ ಹೊರಗೆ ಬಂದದ್ದಷ್ಟೇ. ಎಷ್ಟು ಜನ, ಎಷ್ಟು ಅಗಲ ಎಂಬುದು ಗೊತ್ತಿಲ್ಲದೆ ‘ಬೆಸ್ಟ್ ಸ್ಲಾಟಿಂಗ್’ ಎಂಬುದು ಇಲ್ಲ.

ಅಮೆಜಾನ್‌ನಂಥ ಕಂಪನಿಗಳು ಇದಕ್ಕೆ ಇನ್ನೊಂದು ತುದಿಯ ಉತ್ತರ ಕಂಡುಕೊಂಡಿವೆ. ಒಂದೇ ಸರಕನ್ನು ಬೇಕೆಂದೇ ಹಲವು ಕಡೆ ಚದುರಿಸಿಡುತ್ತಾರೆ. ಎಲ್ಲೇ ಇದ್ದರೂ ಪಿಕರ್‌ಗೆ ಒಂದು ಹತ್ತಿರ ಸಿಗುತ್ತದೆ, ಎಲ್ಲರೂ ಒಂದೇ ರ್ಯಾಕಿಗೆ ಮುಗಿಬೀಳುವುದಿಲ್ಲ. ಆದರೆ ಪ್ರತಿ ತುಂಡು ಎಲ್ಲಿದೆ ಎಂಬುದು ಕಂಪ್ಯೂಟರಿಗೆ ಕ್ಷಣಕ್ಷಣಕ್ಕೂ ಗೊತ್ತಿರಬೇಕು. ಕಾಗದದ ಪಟ್ಟಿಯ ಗೋದಾಮಿನಲ್ಲಿ ಇದನ್ನು ಮಾಡಿದರೆ ಸರಕು ಕಳೆದುಹೋಗುತ್ತದೆ. ಅಂಥವರು ಅತಿ ಹೆಚ್ಚು ಓಡುವ ಹತ್ತಿಪ್ಪತ್ತು ಸರಕನ್ನು ಮಾತ್ರ ಎರಡು ಕಡೆ ಇಡಬಹುದು. ಜಂಗುಳಿಯ ಮೂಲ ಸಾಮಾನ್ಯವಾಗಿ ಅವೇ.

ಅಕ್ಕಿ ಮೂಟೆ ಎಲ್ಲಿ, ಶಾಂಪೂ ಎಲ್ಲಿ?

ಭೇಟಿ ಹೆಚ್ಚಿರುವುದೆಲ್ಲ ಹತ್ತಿರ ಇರಬೇಕು ಅಂದರೆ ನಮ್ಮ ಕರಾವಳಿಯಲ್ಲಿ ಕುಚ್ಚಲಕ್ಕಿ ಮೊದಲು ಬರುತ್ತದೆ. ಆದರೆ ಅಕ್ಕಿ ಮೂಟೆಗಳಿಗೆ ಬೇಕಾದ ಜಾಗ ದೊಡ್ಡದು. ಅವೇ ಹತ್ತಿರದ ಜಾಗವೆಲ್ಲ ತಿಂದರೆ ಉಳಿದವೆಲ್ಲ ದೂರ ಹೋಗುತ್ತವೆ.

ಇದಕ್ಕೆ ಅಮೆರಿಕದ ಜೇಮ್ಸ್ ಹೆಸ್ಕೆಟ್ 1963ರಲ್ಲಿ ಒಂದು ಸರಳ ಅಳತೆ ಕೊಟ್ಟರು. ಸರಕಿಗೆ ಬೇಕಾದ ಜಾಗವನ್ನು ಅದರ ದಿನದ ಭೇಟಿಯಿಂದ ಭಾಗಿಸಿ. ಬಂದ ಸಂಖ್ಯೆ ಚಿಕ್ಕದಾದಷ್ಟೂ ಸರಕು ಟೇಬಲ್ಲಿಗೆ ಹತ್ತಿರ. ಅಕ್ಕಿಗೆ 6 ಘನ ಮೀಟರ್ ಜಾಗ, ದಿನಕ್ಕೆ 60 ಭೇಟಿ ಅಂದರೆ 0.1. ಶಾಂಪೂ ಸ್ಯಾಶೆಗೆ ಅರ್ಧ ಘನ ಮೀಟರ್, 50 ಭೇಟಿ ಅಂದರೆ 0.01. ಭೇಟಿ ಕಡಿಮೆಯಿದ್ದರೂ ಶಾಂಪೂಗೇ ಮುಂದಿನ ಜಾಗ. ಅಕ್ಕಿ ಇಡುವ ಅಷ್ಟೇ ಜಾಗದಲ್ಲಿ ಶಾಂಪೂವಿನಂಥ ಹನ್ನೆರಡು ಸರಕು ಕೂರುತ್ತವೆ, ಒಟ್ಟು 600 ಭೇಟಿ ಅಲ್ಲೇ ಮುಗಿಯುತ್ತದೆ.

ಆದರೆ ಈ ಸೂತ್ರಕ್ಕೆ ಬೆನ್ನುಮೂಳೆ ಎಂಬುದು ಗೊತ್ತಿಲ್ಲ. ಸೊಂಟದಿಂದ ಭುಜದವರೆಗಿನ ಎತ್ತರ ಕೈಗೆ ಸುಲಭ. ಹೆಚ್ಚು ಭೇಟಿಯ ಸರಕು ಆ ಹಲಗೆಗಳಲ್ಲಿರಬೇಕು. ಮೂಟೆಯನ್ನು ತಲೆಯೆತ್ತರದಲ್ಲಿ ಇಡಲೇಬಾರದು. ನೆಲದಿಂದ ಬಗ್ಗಿ ಎತ್ತುವುದೂ ಕಷ್ಟವೇ, ಹಾಗಾಗಿ ಮೂಟೆಗಳನ್ನು ಪ್ಯಾಲೆಟ್ ಮೇಲೆ ಪೇರಿಸಿಟ್ಟು, ಅಲ್ಲಿಂದ ನೇರವಾಗಿ ಟ್ರಾಲಿಗೆ ಎಳೆದುಕೊಳ್ಳುವಂತೆ ಮಾಡುವುದು ವಾಸಿ. ಅಕ್ಕಿಯನ್ನು ಎಲ್ಲದರ ಜೊತೆ ಪಟ್ಟಿಯಲ್ಲಿ ಸೇರಿಸದೆ, ಲಾರಿ ನಿಲ್ಲುವ ಬಾಗಿಲ ಬಳಿಯೇ ಪ್ರತ್ಯೇಕ ಜಾಗದಿಂದ ಹತ್ತಿಸುವುದು ಇನ್ನೂ ವಾಸಿ. ಮತ್ತೊಂದು ಸಣ್ಣ ವಿಷಯ: ಒಂದೇ ಕಂಪನಿಯ, ಒಂದೇ ಬಣ್ಣದ, 100 ಗ್ರಾಂ ಮತ್ತು 200 ಗ್ರಾಂ ಪೊಟ್ಟಣಗಳನ್ನು ಅಕ್ಕಪಕ್ಕ ಇಟ್ಟರೆ ಅವಸರದಲ್ಲಿ ತಪ್ಪು ಪೊಟ್ಟಣ ಹೋಗುತ್ತದೆ. ತಪ್ಪಿ ಹೋದ ಒಂದು ಪೊಟ್ಟಣ ವಾಪಸು ಬರುವ ಖರ್ಚಿನಲ್ಲಿ ಎಷ್ಟೋ ಮೀಟರ್ ನಡಿಗೆಯ ಉಳಿತಾಯ ಮುಳುಗುತ್ತದೆ.

ಮಳೆಗಾಲ ಬಂದಾಗ

ಇವತ್ತಿನ ‘ಎ’ ಸರಕು ಮುಂದಿನ ತಿಂಗಳ ‘ಎ’ ಅಲ್ಲ. ಜೂನ್‌ನಲ್ಲಿ ಕೊಡೆ, ರೈನ್‌ಕೋಟ್, ಟಾರ್ಪಾಲು. ಚೌತಿಗೆ ಬೆಲ್ಲ, ಅವಲಕ್ಕಿ. ಹಾಗಂತ ಪ್ರತಿ ವಾರ ಗೋದಾಮು ಮಗುಚಿ ಹಾಕಲು ಆಗುವುದಿಲ್ಲ, ಜಾಗ ಬದಲಿಸುವುದೂ ಯಾರೋ ಮಾಡುವ ಕೆಲಸವೇ.

ನಮ್ಮ ಲೆಕ್ಕದಲ್ಲಿ ಒಂದು ಸರಕನ್ನು ‘ಸಿ’ ಜಾಗದಿಂದ ‘ಎ’ ಜಾಗಕ್ಕೆ ತಂದರೆ ಭೇಟಿಗೆ 24 ಮೀಟರ್, ಅಂದರೆ 24 ಸೆಕೆಂಡು ಉಳಿಯುತ್ತದೆ. ಒಂದು ಸರಕು ಸಾಗಿಸಿ, ಲೇಬಲ್ ಬದಲಿಸಿ, ಕಂಪ್ಯೂಟರಿನಲ್ಲಿ ತಿದ್ದಲು 20 ನಿಮಿಷ ಅಂತಿಟ್ಟರೂ, ಅಲ್ಲಿದ್ದ ಇನ್ನೊಂದನ್ನು ಹೊರಗೆ ಸಾಗಿಸಬೇಕಲ್ಲ, ಒಟ್ಟು 40 ನಿಮಿಷ, 2400 ಸೆಕೆಂಡು. ಅದು ವಾಪಸು ಬರಲು 100 ಭೇಟಿ ಬೇಕು. ದಿನಕ್ಕೆ 20 ಭೇಟಿಯ ಕೊಡೆಗೆ ಐದೇ ದಿನ. ದಿನಕ್ಕೆ ಒಂದು ಭೇಟಿಯ ಟಾರ್ಪಾಲಿಗೆ 100 ದಿನ, ಅಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ. ಒಂದು ಸುತ್ತಿನಲ್ಲಿ ಹತ್ತು ಸರಕು ತರುವಾಗ ಒಂದೊಂದರ ಉಳಿತಾಯ ಇದಕ್ಕಿಂತ ಕಡಿಮೆ, ಹಾಗಾಗಿ ಇದು ಉದಾರ ಲೆಕ್ಕ. ಕೊಡೆಯನ್ನು ಮುಂದೆ ತನ್ನಿ, ಟಾರ್ಪಾಲು ಇದ್ದಲ್ಲೇ ಇರಲಿ.

ಜಂಗುಳಿ ಇದೆಯೆಂದು ಹೇಗೆ ಗೊತ್ತಾಗುತ್ತದೆ?

ನಡಿಗೆಯನ್ನು ನಕ್ಷೆಯ ಮೇಲೆ ಅಳೆಯಬಹುದು, ಕಾಯುವಿಕೆಯನ್ನು ಅಳೆಯಲು ಬರುವುದಿಲ್ಲ. ಅದಕ್ಕೇ ಅದು ಮ್ಯಾನೇಜರ್‌ಗಳ ಕಣ್ಣಿಗೆ ಬೀಳುವುದಿಲ್ಲ. ಆದರೆ ಸ್ಕ್ಯಾನರ್‌ನಲ್ಲಿ ಅದರ ಗುರುತು ಇರುತ್ತದೆ. ಪ್ರತಿ ಸ್ಕ್ಯಾನ್‌ಗೂ ಒಂದು ಸಮಯ ದಾಖಲಾಗುತ್ತದೆ. ಒಂದೇ ಓಣಿಯಲ್ಲಿ ಒಂದು ಸ್ಕ್ಯಾನ್‌ನಿಂದ ಮುಂದಿನದಕ್ಕೆ ಹಿಡಿದ ಸಮಯವನ್ನು, ಬೆಳಿಗ್ಗೆ ಜನ ಕಡಿಮೆಯಿದ್ದಾಗ ಮತ್ತು ಲಾರಿ ಹೊರಡುವ ಮುಂಚಿನ ಗಡಿಬಿಡಿಯಲ್ಲಿ, ಹೋಲಿಸಿ ನೋಡಿ. ದೂರ ಅಷ್ಟೇ, ಸರಕು ಅದೇ, ಸಮಯ ಮಾತ್ರ ಹಿಗ್ಗಿದ್ದರೆ ಅದು ಜಂಗುಳಿ. ಎಲ್ಲಾ ಪಿಕರ್‌ಗಳಿಗೂ ಅದೇ ಓಣಿಯಲ್ಲಿ ಹಿಗ್ಗಿದ್ದರೆ ಸೋಮಾರಿತನದ ಆರೋಪಕ್ಕೆ ಜಾಗವಿಲ್ಲ, ದೋಷ ಜೋಡಣೆಯದ್ದು. ಇನ್ನೊಂದು ಗುರುತು: ಸ್ಲಾಟಿಂಗ್ ಬದಲಿಸಿದ ಮೇಲೆ ನಡಿಗೆಯ ಲೆಕ್ಕ ಇಳಿದಿದೆ, ಆದರೆ ಗಂಟೆಗೆ ತೆಗೆದ ಸರಕು ಏರಿಲ್ಲ. ಉಳಿದ ಸಮಯ ಓಣಿಯಲ್ಲಿ ನಿಂತಿದೆ ಅಂತಲೇ ಅರ್ಥ.

ಉಳಿದ ಸೆಕೆಂಡು ಯಾರದ್ದು?

ಇಲ್ಲಿಗೆ ಇಂಜಿನಿಯರಿಂಗ್ ಮುಗಿಯಿತು, ರಾಜಕೀಯ ಶುರುವಾಯಿತು. ಸುತ್ತು 200 ಮೀಟರಿನಿಂದ 130ಕ್ಕೆ ಇಳಿದಾಗ 70 ಸೆಕೆಂಡು ಉಳಿಯಿತಲ್ಲ, ಅದು ಎಲ್ಲಿಗೆ ಹೋಗುತ್ತದೆ? ಪಿಕರ್‌ನ ಕಾಲಿಗೆ ವಿಶ್ರಾಂತಿಯಾಗಿಯೋ, ಮರುದಿನ ಏರಿದ ಟಾರ್ಗೆಟ್ ಆಗಿಯೋ? ನಡುಓಣಿ ಯೋಜನೆ ತಂದು, 120 ಮೀಟರಿಗೆ ತಕ್ಕಂತೆ ಟಾರ್ಗೆಟ್ ಏರಿಸಿ, ಜಂಗುಳಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಪಿಕರ್ ಆ ಕಾಯುವಿಕೆಯನ್ನು ನೀರು ಕುಡಿಯುವ ಸಮಯದಿಂದ ತುಂಬಿಕೊಡಬೇಕಾಗುತ್ತದೆ. ಇದು ಬರೀ ಊಹೆಯಲ್ಲ. 2024ರಲ್ಲಿ ಹರಿಯಾಣದ ಮಾನೇಸರದ ಅಮೆಜಾನ್ ಗೋದಾಮಿನಲ್ಲಿ, ಲಾರಿಗಳ ಸರಕು ಇಳಿಸಿ ಮುಗಿಯುವವರೆಗೆ ನೀರು, ಶೌಚಕ್ಕೆ ಹೋಗುವುದಿಲ್ಲ ಎಂದು ಕಾರ್ಮಿಕರಿಂದ ಪ್ರಮಾಣ ಮಾಡಿಸಿದ್ದು ವರದಿಯಾಗಿ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೋಟಿಸ್ ಕೊಟ್ಟಿತ್ತು.

ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿ 1ರಿಂದ ಜಾರಿಯಲ್ಲಿರುವ ‘ಎಬಿ 701’ ಕಾನೂನು ಇದಕ್ಕೆ ಒಂದು ದಾರಿ ತೋರಿಸುತ್ತದೆ. ಗೋದಾಮಿನ ಕೆಲಸಗಾರನಿಗೆ ಅವನ ಟಾರ್ಗೆಟ್ ಏನೆಂದು ಬರವಣಿಗೆಯಲ್ಲಿ ಕೊಡಬೇಕು. ಊಟ, ವಿಶ್ರಾಂತಿ, ಶೌಚಕ್ಕೆ ಅಡ್ಡಿಯಾಗುವ ಟಾರ್ಗೆಟ್ ಇಡುವಂತಿಲ್ಲ. ಟಾರ್ಗೆಟ್‌ನಿಂದ ಆ ಹಕ್ಕಿಗೆ ಧಕ್ಕೆಯಾಗಿದೆ ಅನಿಸಿದರೆ ತನ್ನದೇ 90 ದಿನಗಳ ಕೆಲಸದ ವೇಗದ ದಾಖಲೆಯನ್ನು ಅವನು ಕೇಳಿ ಪಡೆಯಬಹುದು. ಮೇಲೆ ಹೇಳಿದ ಸ್ಕ್ಯಾನರ್ ಲೆಕ್ಕವನ್ನು ಕಾರ್ಮಿಕರೇ ಮಾಡಿ ತೋರಿಸಲು ಬೇಕಾದದ್ದು ಇಂಥ ದಾಖಲೆಯೇ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದಿದೆ. ಆದರೆ ಅದು ಪ್ಲಾಟ್‌ಫಾರ್ಮ್ ಕೆಲಸಗಾರರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಗುತ್ತಿಗೆದಾರನ ಸಂಬಳಪಟ್ಟಿಯಲ್ಲಿರುವ ಗೋದಾಮಿನ ಪಿಕರ್ ಅದರ ಕೇಂದ್ರದಲ್ಲಿಲ್ಲ.

ನಂದಿಕೂರಿಗೋ ಇನ್ನೊಂದೂರಿಗೋ ಗೋದಾಮು ಬರುವಾಗ ಎಷ್ಟು ಕೆಲಸ ಅಂತ ಕೇಳೋಣ, ಅದು ಬೇಕೇಬೇಕು. ಜೊತೆಗೆ ಇನ್ನೆರಡು ಪ್ರಶ್ನೆ ಸೇರಿಸೋಣ. ಟಾರ್ಗೆಟ್ ಲೆಕ್ಕ ಹಾಕುವಾಗ ಓಣಿಯಲ್ಲಿ ಕಾಯುವ ಸಮಯ ಹಿಡಿದಿದ್ದೀರಾ? ಸ್ಕ್ಯಾನರ್ ದಾಖಲೆ ಕೆಲಸಗಾರನ ಕೈಗೆ ಸಿಗುತ್ತದಾ? ಉತ್ತರ ಕೊಡಲು ಅವರಿಗೆ ಹೊಸ ಯಂತ್ರ ಬೇಡ. ಕಂಪ್ಯೂಟರಿನಲ್ಲಿ ಅದು ಈಗಾಗಲೇ ಇದೆ.